ಮುಖ ಹಳದಿ ಬಂದ ಫೋಟೋಗೆ ಮಲ್ಲಿಗೆಯೇ ಮದ್ದು

ಉಡುಪಿ ಕಡೆಯ ಮದುವೆ ಹಾಲ್‌ನಲ್ಲಿ ತೆಗೆದ ಫೋಟೋ ನೋಡಿದ್ದೀರಲ್ವಾ? ಸೀರೆ ಚಂದ, ನಗು ಚಂದ, ಮುಖ ಮಾತ್ರ ಅರಿಶಿನ ಹಚ್ಚಿದ ಹಾಗೆ. ಅದನ್ನೇ ಪ್ರೊಫೈಲ್‌ಗೆ ಹಾಕಬೇಕು ಅಂತ ಕೂತವರು ಮೊದಲು ಮಾಡುವ ಕೆಲಸ ಸ್ಯಾಚುರೇಶನ್ ಇಳಿಸುವುದು. ಹಳದಿ ಏನೋ ಕಡಿಮೆ ಆಗುತ್ತದೆ, ಅದರ ಜೊತೆ ತುಟಿಯ ಕೆಂಪು, ಸೀರೆಯ ಬಣ್ಣ ಎಲ್ಲವೂ ಹೋಗಿ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಆಮೇಲೆ ಬ್ರೈಟ್‌ನೆಸ್ ಏರಿಸುತ್ತಾರೆ. ಹಣೆ ಬೆಳ್ಳಗೆ ಸುಟ್ಟುಹೋಗುತ್ತದೆ. ಕೊನೆಗೆ ಒಂದು ಬ್ಯೂಟಿ ಫಿಲ್ಟರ್. ಅಲ್ಲಿಗೆ ಆ ಮುಖ ಯಾರದ್ದು ಅಂತ ಮನೆಯವರಿಗೇ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ಅಕ್ಕನ ಮಗಳು ಹೀಗೇ ಒಂದು ಫೋಟೋ ಹಿಡಿದುಕೊಂಡು ಬಂದಳು. ಕೆಲಸಕ್ಕೆ ಅರ್ಜಿ ಹಾಕುವ ಸೈಟ್‌ಗೂ ವಾಟ್ಸಾಪ್‌ಗೂ ಒಂದೇ ಫೋಟೋ ಬೇಕಿತ್ತು. "ಚಿಕ್ಕಮ್ಮ, ಇದು ನನ್ನ ಬಣ್ಣವೇ ಅಲ್ಲ, ಎಂತ ಮಾಡ್ಲಿಕ್ಕೆ ಉಂಟು?" ಅಂದಳು. ಅವಳ ಫೋಟೋವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಳ್ಳೆಯ ಪ್ರತಿ ತರಿಸಿಕೊಳ್ಳಿ

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ. ಫೋನ್ ತೆಗೆದದ್ದು 4000 ಪಿಕ್ಸೆಲ್ ಅಗಲ ಇದ್ದರೆ ನಿಮ್ಮ ಕೈಗೆ ಬರುವುದು ಸುಮಾರು 1600. ಅದರಲ್ಲಿ ಮುಖ ಇರುವ ಕಾಲು ಭಾಗದಷ್ಟು ಅಗಲ ಮಾತ್ರ ಕತ್ತರಿಸಿಕೊಂಡರೆ ಉಳಿಯುವುದು 400 ಪಿಕ್ಸೆಲ್. ಚಾಟ್ ಪಟ್ಟಿಯ ಸಣ್ಣ ವೃತ್ತದಲ್ಲಿ ನಡೆಯುತ್ತದೆ, ಯಾರಾದರೂ ಒತ್ತಿ ದೊಡ್ಡದು ಮಾಡಿದರೆ ಮಂಜು ಮಂಜು. ಮೂಲ ಫೋಟೋದಿಂದ ಅಷ್ಟೇ ಭಾಗ ತೆಗೆದರೆ 1000 ಪಿಕ್ಸೆಲ್ ಸಿಗುತ್ತದೆ, ಅದು ಧಾರಾಳ. ಹಾಗಾಗಿ ತೆಗೆದವರಿಗೆ ಫೋನ್ ಮಾಡಿ, "ಡಾಕ್ಯುಮೆಂಟ್ ಆಗಿ ಕಳಿಸಿ" ಅನ್ನಿ.

ಯಾವ ಆ್ಯಪ್?

ನಾನು ಸ್ನ್ಯಾಪ್‌ಸೀಡ್ ಬಿಟ್ಟು ಬೇರೆ ಹೇಳುವುದಿಲ್ಲ. ಗೂಗಲ್‌ನದ್ದು, ದುಡ್ಡಿಲ್ಲ, ಫೋಟೋದ ಮೂಲೆಯಲ್ಲಿ ತನ್ನ ಹೆಸರು ಒತ್ತುವುದಿಲ್ಲ. ಅದು ಬೇಡ ಅನ್ನುವವರು ಫೋನಿನಲ್ಲಿ ಈಗಾಗಲೇ ಇರುವ ಗೂಗಲ್ ಫೋಟೋಸ್‌ನಲ್ಲಿ ‘Warmth’ ಮತ್ತು ‘Tint’ ಬಳಸಿಯೂ ಕೆಲಸ ಮುಗಿಸಬಹುದು. ಆದರೆ ಕೆಳಗೆ ಹೇಳುವ ಡ್ರಾಪರ್‌ನ ಸುಖಕ್ಕೇ ನಾನು ಸ್ನ್ಯಾಪ್‌ಸೀಡ್ ಹಿಡಿದುಕೊಂಡಿರುವುದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಫೋಟೋ ಸರಿಮಾಡುವ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು? ಕೇಳಿದರೆ ಆಗಲೇ ಅಳಿಸಿ. ಮೂರು ದಿನ ಉಚಿತ, ಆಮೇಲೆ ವಾರಕ್ಕೆ ಇಷ್ಟು ಅಂತ ಕಾರ್ಡ್ ನಂಬರ್ ಕೇಳುವವೂ ಬೇಡ. ತೆರೆದ ಕೂಡಲೇ ತಾನಾಗಿ ಚರ್ಮ ನುಣುಪು ಮಾಡಿ ತೋರಿಸುವ ಆ್ಯಪ್ ಅಂತೂ ಬೇಡವೇ ಬೇಡ, ಯಾಕೆಂದರೆ ನಿಜವಾದ ಬಣ್ಣ ಯಾವುದು ಅಂತ ನೋಡುವ ಅವಕಾಶವೇ ನಿಮಗೆ ಸಿಗುವುದಿಲ್ಲ.

ಬಣ್ಣ ಮೊದಲು, ಕತ್ತರಿ ಆಮೇಲೆ

ಹೆಚ್ಚಿನವರು ಮೊದಲೇ ಮುಖದ ಸುತ್ತ ಕತ್ತರಿಸಿಬಿಡುತ್ತಾರೆ. ಇಲ್ಲೇ ತಪ್ಪುವುದು. ಬಣ್ಣ ಸರಿಮಾಡಲು ಫೋಟೋದಲ್ಲಿ ಒಂದು ಬಿಳಿ ವಸ್ತು ಬೇಕು, ಅದು ಹೆಚ್ಚಾಗಿ ಅಂಚಿನಲ್ಲೇ ಇರುತ್ತದೆ. ಪಕ್ಕದಲ್ಲಿ ನಿಂತ ಮಾವನ ಬಿಳಿ ಪಂಚೆ, ಮೇಜಿನ ಮೇಲಿನ ಕಾಗದದ ಲೋಟ, ಜಡೆಯ ಮಲ್ಲಿಗೆ. ಕತ್ತರಿಸಿದರೆ ಅದೇ ಹೊರಗೆ ಹೋಗುತ್ತದೆ.

ಶುರು ಮಾಡುವ ಮೊದಲು ಫೋನಿನ ನೈಟ್ ಲೈಟ್ ಅಥವಾ ಐ ಕಂಫರ್ಟ್ ಆನ್ ಇದೆಯಾ ನೋಡಿ. ಆನ್ ಇದ್ದರೆ ಪರದೆಯೇ ಹಳದಿ. ನೀವು ಆ ಹಳದಿಯನ್ನೂ ಸೇರಿಸಿ ತೆಗೆಯಲು ಹೋಗುತ್ತೀರಿ, ಬೆಳಿಗ್ಗೆ ನೋಡಿದರೆ ಮುಖ ನೀಲಿ. ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡು ಫೋಟೋ ಸರಿಮಾಡಿದ ಎಷ್ಟೋ ಜನರ ಪ್ರೊಫೈಲ್ ಹೀಗೇ ಕೆಟ್ಟಿದೆ. ಹಗಲು ಕಿಟಕಿ ಹತ್ತಿರ ಕೂತು ಮಾಡಿ.

ಈಗ ಫೋಟೋ ತೆರೆದು ಟೂಲ್‌ಗಳಲ್ಲಿ ‘White Balance’ ಒತ್ತಿ. ಅಲ್ಲಿ ಎರಡು ಅಳತೆ ಇವೆ. ‘Temperature’ ಅಂದರೆ ಹಳದಿ ಮತ್ತು ನೀಲಿಯ ನಡುವಿನ ಎಳೆದಾಟ. ‘Tint’ ಅಂದರೆ ಹಸಿರು ಮತ್ತು ಗುಲಾಬಿಯ ನಡುವಿನದ್ದು. ಬಲ್ಬಿನ ಬೆಳಕಿನ ತೊಂದರೆ ಮೊದಲನೆಯದ್ದರಲ್ಲಿ ಹೋಗುತ್ತದೆ. ಹಳೆಯ ಟ್ಯೂಬ್‌ಲೈಟ್ ಅಥವಾ ತೋಟದ ಎಲೆಗಳ ಕೆಳಗೆ ತೆಗೆದ ಫೋಟೋ ಆದರೆ ಎರಡನೆಯದ್ದೂ ಬೇಕು, ಅಲ್ಲಿ ಮುಖಕ್ಕೆ ಹಸಿರು ಬಂದಿರುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಕಟ್ಟಿದ ನೀಲಿ ಟರ್ಪಾಲಿನ ಕೆಳಗೆ ತೆಗೆದದ್ದು ನೋಡಲು ಭಯ ಹುಟ್ಟಿಸಿದರೂ ಸರಿಮಾಡುವುದು ಅಷ್ಟು ಕಷ್ಟ ಅಲ್ಲ. ಯಾಕೆಂದರೆ ಅಲ್ಲಿ ಎಲ್ಲದರ ಮೇಲೂ ಒಂದೇ ನೀಲಿ ಬಿದ್ದಿರುತ್ತದೆ.

ಅದೇ ಜಾಗದಲ್ಲಿ ಒಂದು ಡ್ರಾಪರ್ ಚಿತ್ರ ಕಾಣುತ್ತದೆ. ಅದನ್ನು ಒತ್ತಿದರೆ ಫೋಟೋದ ಮೇಲೆ ಒಂದು ಸಣ್ಣ ಭೂತಗನ್ನಡಿ ಬರುತ್ತದೆ, ಬೆರಳಲ್ಲಿ ಎಳೆದು ಬಿಳಿ ವಸ್ತುವಿನ ಮೇಲೆ ತಂದು ಬಿಡಬೇಕು. ಇದು ಬಿಳಿ ಅಂತ ನೀವು ತೋರಿಸಿದಿರಿ, ಅದನ್ನು ಬಿಳಿ ಮಾಡಲು ಬೇಕಾದಷ್ಟು ನೀಲಿಯನ್ನು ಆ್ಯಪ್ ಇಡೀ ಫೋಟೋಗೆ ಸೇರಿಸುತ್ತದೆ, ಅಷ್ಟೇ ಲೆಕ್ಕ.

ನಮ್ಮ ಊರಿನ ಹೆಂಗಸರ ಮದುವೆ ಫೋಟೋದಲ್ಲಿ ಬಿಳಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಶಂಕರಪುರದ ಮಲ್ಲಿಗೆ ಜಡೆಯಲ್ಲೇ ಇರುತ್ತದೆ, ಮುಖದ ಹತ್ತಿರವೇ ಇರುವುದರಿಂದ ಮುಖದ ಮೇಲೆ ಬಿದ್ದ ಬೆಳಕೇ ಅದರ ಮೇಲೂ ಬಿದ್ದಿರುತ್ತದೆ. ಆದರೆ ಎಲ್ಲಿ ಮುಟ್ಟುತ್ತೀರಿ ಅನ್ನುವುದು ಮುಖ್ಯ. ಮೊಗ್ಗಿನ ಬುಡ ಮುಟ್ಟಬೇಡಿ, ಅಲ್ಲಿ ಹಸಿರು ಇದೆ, ಫೋಟೋ ಗುಲಾಬಿಗೆ ಹೋಗುತ್ತದೆ. ಫ್ಲ್ಯಾಶ್ ಬಿದ್ದು ಫಳಫಳ ಹೊಳೆಯುವ ಹೂವನ್ನೂ ಮುಟ್ಟಬೇಡಿ. ಅಷ್ಟು ಬೆಳಕು ಬಿದ್ದ ಜಾಗದಲ್ಲಿ ಕೆಂಪು, ಹಸಿರು, ನೀಲಿ ಮೂರೂ ತುಂಬಿ ತುದಿ ಮುಟ್ಟಿರುತ್ತವೆ, ಯಾವುದು ಜಾಸ್ತಿ ಇತ್ತು ಅನ್ನುವ ಸುಳಿವೇ ಉಳಿದಿರುವುದಿಲ್ಲ. ಡ್ರಾಪರ್ ಮುಟ್ಟಿದರೂ ಏನೂ ಬದಲಾಗಲಿಲ್ಲ ಅಂದರೆ ನೀವು ಮುಟ್ಟಿದ್ದು ಅಂಥ ಜಾಗವನ್ನೇ. ದಂಡೆಯ ಮಗ್ಗುಲಲ್ಲಿ, ಅರಳಿದ ಹೂವಿನ ಎಸಳು ಸ್ವಲ್ಪ ನೆರಳಿನಲ್ಲಿ ತಿಳಿ ಬೂದಿ ಬಣ್ಣಕ್ಕೆ ಕಾಣುತ್ತದಲ್ಲ, ಅದು ಸರಿಯಾದ ಜಾಗ.

ಗೋಡೆಯನ್ನು ನಂಬಬೇಡಿ. ಬಿಳಿ ಅಂದುಕೊಂಡ ಹಾಲ್‌ನ ಗೋಡೆ ಹೆಚ್ಚಾಗಿ ಕೆನೆ ಬಣ್ಣದ್ದು. ಹಲ್ಲು, ಕಣ್ಣಿನ ಬಿಳಿಯೂ ಬೇಡ, ಅವು ಯಾರಿಗೂ ಪೂರ್ತಿ ಬಿಳಿ ಇರುವುದಿಲ್ಲ.

ಅಕ್ಕನ ಮಗಳ ಫೋಟೋದಲ್ಲಿ ಮಲ್ಲಿಗೆ ಮುಟ್ಟಿದ ಕೂಡಲೇ ಟೆಂಪರೇಚರ್ ಮೈನಸ್ 34ಕ್ಕೆ ಹೋಯಿತು. ಹೂವು ಹಾಲಿನ ಹಾಗೆ ಬಿಳಿ ಆಯಿತು, ಆದರೆ ಮುಖ ಸ್ವಲ್ಪ ತಣ್ಣಗಾಯಿತು, ಆಸ್ಪತ್ರೆಯ ಬೆಳಕಿನಲ್ಲಿ ನಿಂತ ಹಾಗೆ. ಇದು ಯಾವಾಗಲೂ ಆಗುತ್ತದೆ. ಬಿಳಿಯನ್ನು ಪೂರ್ತಿ ಬಿಳಿ ಮಾಡಿದರೆ ಚರ್ಮದ ಬಿಸಿಯೂ ಹೋಗುತ್ತದೆ. ಹಾಗಾಗಿ ಡ್ರಾಪರ್ ತೋರಿಸಿದ ಅಂಕೆಯಿಂದ ಮೂರನೇ ಒಂದು ಭಾಗ ಹಿಂದಕ್ಕೆ ಬನ್ನಿ. ನಾವು ಮೈನಸ್ 22ಕ್ಕೆ ತಂದೆವು.

ಸರಿಯಾಯಿತಾ ಅಂತ ತಿಳಿಯಲು ಮುಖವನ್ನೇ ದಿಟ್ಟಿಸಬೇಡಿ, ಕಣ್ಣು ಬೇಗ ಒಗ್ಗಿಬಿಡುತ್ತದೆ. ಚಿನ್ನ ನೋಡಿ. ಸರ ಬೆಳ್ಳಿಯ ಹಾಗೆ ಪೇಲವ ಕಂಡರೆ ನೀಲಿ ಜಾಸ್ತಿ ಆಯಿತು. ಕೂದಲು ನೋಡಿ, ಕಪ್ಪು ಕೂದಲಿಗೆ ನೇರಳೆ ಛಾಯೆ ಬಂದಿದ್ದರೆ ಟಿಂಟ್ ಹೆಚ್ಚಾಯಿತು. ಆಮೇಲೆ ಕೈ ಮತ್ತು ಕುತ್ತಿಗೆ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಮುಖ್ಯ. ಹಳದಿ ತೆಗೆಯುವುದು ಬೇರೆ, ಬೆಳ್ಳಗೆ ಮಾಡುವುದು ಬೇರೆ. ನಮ್ಮ ಚರ್ಮ ಗೋಧಿ ಬಣ್ಣವೋ ಎಣ್ಣೆಗಪ್ಪೋ ಏನಿದೆಯೋ ಅದೇ ಉಳಿಯಬೇಕು. ಹುಡುಗಿ ಸಂದರ್ಶನಕ್ಕೆ ಹೋದಾಗ ಎದುರು ಕೂತವರು ಫೋಟೋ ನೋಡಿ ಗುರುತು ಹಿಡಿಯಬೇಕು ತಾನೇ? ಮುಖದ ಮೇಲೆ ಕತ್ತಲೆ ಇದ್ದರೆ ‘Tune Image’ನಲ್ಲಿ ‘Shadows’ ಮಾತ್ರ 15ರಿಂದ 20 ಏರಿಸಿ. ಬ್ರೈಟ್‌ನೆಸ್ ಮುಟ್ಟಬೇಡಿ.

ಸ್ಟೇಜಿನ ನೇರಳೆ ಬೆಳಕು

ಅವಳ ಎಡಗೆನ್ನೆಯ ಮೇಲೆ ಸ್ಟೇಜಿನ ಎಲ್‌ಇಡಿಯ ನೇರಳೆ ಬಿದ್ದಿತ್ತು. ವೈಟ್ ಬ್ಯಾಲೆನ್ಸ್‌ನಿಂದ ಇದು ಹೋಗುವುದಿಲ್ಲ, ಯಾಕೆಂದರೆ ಅದು ಇಡೀ ಫೋಟೋವನ್ನು ಒಟ್ಟಿಗೆ ತಿರುಗಿಸುತ್ತದೆ. ಕೆನ್ನೆ ಸರಿ ಮಾಡಲು ಹೋದರೆ ಉಳಿದದ್ದೆಲ್ಲ ಹಸಿರಾಗುತ್ತದೆ. ಇದಕ್ಕೆ ‘Selective’ ಬೇಕು. ಕೆನ್ನೆಯ ನೇರಳೆ ಇರುವ ಜಾಗಕ್ಕೆ ಒಂದು ಚುಕ್ಕೆ ಇಡಿ, ಎರಡು ಬೆರಳಿನಿಂದ ವೃತ್ತವನ್ನು ಕೆನ್ನೆಯಷ್ಟಕ್ಕೇ ಚಿಕ್ಕದು ಮಾಡಿ, ಬೆರಳನ್ನು ಮೇಲೆ ಕೆಳಗೆ ಜಾರಿಸಿ ಸ್ಯಾಚುರೇಶನ್ ಆರಿಸಿ ಎಡಕ್ಕೆ ಎಳೆಯಿರಿ. ಮೊದಲು ಸ್ಯಾಚುರೇಶನ್ ಇಳಿಸಬೇಡಿ ಅಂದವಳು ನಾನೇ, ಅದು ಇಡೀ ಫೋಟೋಗೆ. ಇಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮೈನಸ್ 40 ಸಾಕಾಯಿತು.

ಇದಕ್ಕೂ ಮಿತಿ ಉಂಟು. ಅರ್ಧ ಮುಖ ಗಾಢ ನೀಲಿಯೋ ಕೆಂಪೋ ಆಗಿದ್ದರೆ ಯಾವ ಆ್ಯಪ್‌ನಿಂದಲೂ ಸರಿ ಬರುವುದಿಲ್ಲ. ಆ ಬೆಳಕಿನಲ್ಲಿ ಬೇರೆ ಬಣ್ಣವೇ ಇರಲಿಲ್ಲ, ಕ್ಯಾಮೆರಾ ಅದನ್ನು ಹಿಡಿದಿಲ್ಲ, ಮತ್ತೆ ತರುವುದು ಎಲ್ಲಿಂದ? ಕಪ್ಪು ಬಿಳುಪು ಮಾಡಿ, ಇಲ್ಲವೇ ಬೇರೆ ಫೋಟೋ ಹುಡುಕಿ.

ಕತ್ತರಿಸುವುದು

‘Crop’ನಲ್ಲಿ ಚೌಕ ಆರಿಸಿ. ಪ್ರೊಫೈಲ್ ಫೋಟೋ ಹೆಚ್ಚಿನ ಕಡೆ ವೃತ್ತದಲ್ಲಿ ಕಾಣುತ್ತದೆ, ಚೌಕದ ನಾಲ್ಕು ಮೂಲೆ ಸೇರಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ. ಹಾಗಾಗಿ ಚೌಕಕ್ಕೆ ಮುಖವನ್ನು ತುಂಬಿಸಬೇಡಿ. ನೆತ್ತಿಯಿಂದ ಗಲ್ಲದವರೆಗೆ ಚೌಕದ ಎತ್ತರದ ಅರ್ಧದಷ್ಟು ಇರಲಿ, ಕಣ್ಣು ನಡುಗೆರೆಗಿಂತ ಸ್ವಲ್ಪ ಮೇಲೆ. ಕುತ್ತಿಗೆಗೆ ಸರಿಯಾಗಿ ಕತ್ತರಿಸಿದರೆ ತಲೆ ಮಾತ್ರ ತೇಲಿದ ಹಾಗೆ ಕಾಣುತ್ತದೆ, ಭುಜ ಕಾಣುವಷ್ಟು ಕೆಳಗೆ ಬನ್ನಿ. ಪಕ್ಕದವರ ಅರ್ಧ ಕಿವಿ ಉಳಿದಿದ್ದರೆ ಅದು ವೃತ್ತದ ಹೊರಗೆ ಹೋಗುತ್ತದಾ ನೋಡಿ. ಹೋಗುವುದಾದರೆ ಅಳಿಸಲು ಒದ್ದಾಡಬೇಕಾಗಿಲ್ಲ.

ಉಳಿಸುವಾಗ ‘Export’ ಒತ್ತಿ, ಬೇರೆ ಪ್ರತಿ ಸಿಗುತ್ತದೆ, ಮೂಲ ಹಾಗೇ ಇರಲಿ. ಆ್ಯಪ್ ಕೂಡಲೇ ಮುಚ್ಚಬೇಡಿ. ಬೇರೆ ಒಬ್ಬರ ಫೋನಿನಲ್ಲಿ ಒಮ್ಮೆ ನೋಡಿ, ಪ್ರತಿ ಪರದೆಯ ಬಣ್ಣವೂ ಬೇರೆ. ನಮ್ಮ ಫೋಟೋ ಅಕ್ಕನ ಹಳೆಯ ಫೋನಿನಲ್ಲಿ ಒಂಚೂರು ನೀಲಿ ಹೊಡೆಯುತ್ತಿತ್ತು. ‘View edits’ಗೆ ಹೋಗಿ ವೈಟ್ ಬ್ಯಾಲೆನ್ಸ್ ತೆರೆದು ಮೈನಸ್ 22 ಇದ್ದದ್ದನ್ನು ಮೈನಸ್ 18 ಮಾಡಿದೆವು. ಆಗ ಎರಡೂ ಫೋನಿನಲ್ಲಿ ಸರ ಚಿನ್ನದ ಬಣ್ಣಕ್ಕೆ ಬಂತು. ಅದನ್ನೇ ಹಾಕಿದಳು.