ಹೆಸರು ಹೇಳದೆ ಕಾಲೆಳೆಯುವ ಕ್ರಮ

ಗೆಳೆಯನ ಮನಸ್ಸು ಯಾರ ಮೇಲೋ ಹೋಗಿದೆ ಎಂದು ತಿಳಿದಾಗ ನಾನು ಮೊದಲು ಕೇಳಿಕೊಳ್ಳುವುದು, ಇದು ನನಗೆ ಗೊತ್ತಾದದ್ದು ಹೇಗೆ ಎಂದು. ಅವನೇ ಹೇಳಿದ್ದರೆ ತಮಾಷೆಗೆ ದಾರಿ ಉಂಟು, ಅದೂ ಅವನು ಯಾರ ಎದುರು ಹೇಳಿದ್ದಾನೋ ಅವರ ಎದುರು ಮಾತ್ರ. ಮೂರನೆಯವರ ಬಾಯಿಂದ ಬಂದ ಸುದ್ದಿಯಾದರೆ ನನಗೆ ಏನೂ ಗೊತ್ತಿಲ್ಲ, ಅಷ್ಟೇ.

ಒಂದು ಪ್ರಸಂಗ ನೋಡಿ. ಸ್ಟಾಪು, ಹೊತ್ತು ಎರಡನ್ನೂ ಬದಲಿಸಿದ್ದೇನೆ; ಅದೂ ಈ ಕ್ರಮದ್ದೇ ಭಾಗ. ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿಗೆ ಒಬ್ಬ ಕಾಪುವಿನಲ್ಲಿ ಹತ್ತುತ್ತಾನೆ. ಕೆಲವು ದಿನಗಳಿಂದ 7.40ರ ಬಸ್ಸು ಎದುರೇ ನಿಂತರೂ ಬಿಟ್ಟು, ಎಂಟು ಗಂಟೆಯದಕ್ಕೆ ಕಾಯುತ್ತಾನೆ. ಆ ಬಸ್ಸಿಗೆ ಮೂಲ್ಕಿಯಲ್ಲಿ ಒಬ್ಬಳು ಹತ್ತುತ್ತಾಳೆ ಎಂದು ಅವನೇ ನಮ್ಮಿಬ್ಬರಿಗೆ ಹೇಳಿದ್ದ. ಅವಳಿಗೆ ಇದರ ಗಾಳಿಗಂಧವೂ ಇಲ್ಲ.

ಸಂಜೆ ಚಾ, ಗೋಳಿಬಜೆ ಹೊತ್ತಿಗೆ ಎತ್ತಬಹುದಾದ ಮಾತು ಇದು: "ಏಳು ನಲವತ್ತರ ಬಸ್ಸು ನಿಂಗೆ ಕಾಣುದಿಲ್ವಾ ಮಾರಾಯ? ಅಷ್ಟು ದೊಡ್ಡದು ಉಂಟಲ್ಲ!" ಅದರ ಹಿಂದೆಯೇ, "ಶರ್ಟಿಗೆ ಇಸ್ತ್ರಿ ಬೇರೆ! ಹಿಂದೆ ಮದುವೆಗೂ ಹಾಕ್ತಿರ್ಲಿಲ್ಲ." ಎರಡರಲ್ಲೂ ಗುರಿ ಅವನ ಚಾಳಿ: ಬಿಟ್ಟ ಬಸ್ಸು, ಇಸ್ತ್ರಿ, ಬಾಚಿದ ತಲೆ. ಹುಡುಗಿ ಮಾತಿನೊಳಗೆ ಇಲ್ಲವೇ ಇಲ್ಲ. ಪಕ್ಕದ ಬೆಂಚಿನವರು ಕಿವಿಗೊಟ್ಟರೂ ಬಸ್ಸಿನ ವಿಷಯ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕೆಡುವುದು ಎರಡನೆಯ ಗೆಳೆಯ ಇದಕ್ಕೆ ಒಗ್ಗರಣೆ ಹಾಕಿದಾಗ. "ಮೂಲ್ಕಿಯಲ್ಲಿ ಹತ್ತುವವಳಲ್ವಾ?" ಎಂದರೆ ಮುಗಿಯಿತು. ಸ್ಟಾಪು ಮತ್ತು ಹೊತ್ತು ಸೇರಿದರೆ ಹೆಸರು ಹೇಳಿದ ಹಾಗೆಯೇ. ಕಂಡಕ್ಟರನಿಗೆ ದಿನದ ಪ್ರಯಾಣಿಕರೆಲ್ಲ ಪರಿಚಯ. ನಮ್ಮ ಕಡೆ ಅದರ ಮುಂದಿನ ಪ್ರಶ್ನೆ ಯಾರ ಮಗಳು, ಯಾವ ಮನೆ ಎಂಬುದು. ಇಲ್ಲೇ ಬರಿ, ಅಂದರೆ ತುಳುವರ ಕುಲದ ಹೆಸರು, ಹಿಡಿದು ಇನ್ನೊಂದು ಹಳೇ ಜೋಕು ಬರುತ್ತದೆ: "ಬರಿ ಯಾವುದು ಕೇಳಿದ್ಯಾ? ಒಂದೇ ಆದ್ರೆ ಅಣ್ಣ ತಂಗಿ ಆಗ್ತದೆ." ನಗು ಬರುವುದು ಹೌದು, ಆದರೆ ಮಾತು ಅವನ ಇಸ್ತ್ರಿಯಿಂದ ಅವಳ ಜಾತಿಗೆ ಹಾರಿತು. ಇಬ್ಬರೂ ಬೇರೆ ಬೇರೆ ಧರ್ಮದವರಾದರೆ ಇನ್ನೂ ಕಷ್ಟ. ನೈತಿಕ ಪೊಲೀಸ್‌ಗಿರಿಯ ಹೆಸರಲ್ಲಿ ನಡೆದ 2009ರ ಜನವರಿಯ ಪಬ್ ದಾಳಿ, 2012ರ ಜುಲೈಯ ಹೋಂಸ್ಟೇ ದಾಳಿ ಎರಡೂ ಮಂಗಳೂರಿನಲ್ಲೇ ಆದದ್ದು. ಬಸ್ಸಿನಲ್ಲಿ ಜೋರಾಗಿ ಆಡಿದ ಒಂದು ಹೆಸರು ಎಲ್ಲಿಗೆ ತಲುಪೀತು ಎಂದು ಇಲ್ಲಿ ಯಾರೂ ಲೆಕ್ಕ ಹಾಕಲಾರರು.

ಅವಳು ಬಸ್ಸಿಗೆ ಹತ್ತುವಾಗ "ಅತ್ತಿಗೆ ಬಂದ್ರು" ಎನ್ನುವುದಂತೂ ಬೇಡವೇ ಬೇಡ. ಅವನಿಗೆ ಅದು ತಮಾಷೆ ಇರಬಹುದು; ಅವಳಿಗೆ, ತಾನು ಒಪ್ಪದ ಸಂಬಂಧವನ್ನು ಹತ್ತು ಜನ ಅಂಟಿಸಿದ ಹಾಗೆ. ನಾಳೆಯಿಂದ ಬಸ್ಸು ಬದಲಿಸಬೇಕಾದವಳು ಅವಳು. ಸೀಟು ಬಿಟ್ಟು ಇಬ್ಬರನ್ನೂ ಪಕ್ಕಪಕ್ಕ ಕೂರಿಸುವುದೂ ಇದೇ ಜಾತಿಯದ್ದು.

ಈ ಮಾತುಗಳನ್ನು ನಾನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಿಲ್ಲ. ಎಲ್ಲರಿಗೂ ಕಾಣದಂತೆ ಅಳಿಸಲು ಸುಮಾರು ಎರಡು ದಿನ ಅವಕಾಶ ಉಂಟು, ಸರಿ. ಆದರೆ ಅಳಿಸಿದ ಜಾಗದಲ್ಲಿ ಅಳಿಸಿದ ಗುರುತು ಉಳಿಯುತ್ತದೆ, "ಎಂತ ಹಾಕಿದ್ದೆ?" ಎಂದು ನಾಲ್ಕು ಜನ ಕೇಳುತ್ತಾರೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದಕ್ಕೆ ಮದ್ದಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಇದರಲ್ಲಿ ಸೂಕ್ಷ್ಮ. ಅವನೂ ತಿರುಗಿ ಹೊಡೆದರೆ, ಉದಾಹರಣೆಗೆ "ನಿಂಗೆ ಕಾಯ್ಲಿಕ್ಕೆ ಯಾರೂ ಇಲ್ಲ, ಅದಕ್ಕೆ ಹೊಟ್ಟೆಯುರಿ" ಎಂದರೆ, ಆಟ ನಡೆಯುತ್ತಿದೆ. "ಬಿಡು ಮಾರಾಯ" ಎಂಬುದು ಮೋಸದ ಮಾತು. ನಕ್ಕು ಹೇಳಿದರೆ ಇನ್ನೊಂದು ಬರಲಿ ಎಂದೂ ಅರ್ಥವಾದೀತು. ಎರಡನೆಯ ಸಲ ಹೇಳಿದರೆ ಸಾಕು ಎಂದೇ ಅರ್ಥ. ಒಂದೂ ಮಾತಾಡದೆ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತಾ ಕೂತರೆ ನಗು ಮುಖದಲ್ಲಿದ್ದರೂ ಅಲ್ಲಿಗೇ ನಿಲ್ಲಿಸುತ್ತೇನೆ. ಆಮೇಲೆ ಇಬ್ಬರೇ ಇರುವಾಗ ಒಂದೇ ಪ್ರಶ್ನೆ: "ಇದು ಗುಂಪಲ್ಲಿ ಬೇಡವಾ?" ಬೇಡ ಅಂದರೆ ಯಾಕೆ ಎಂದು ಕೇಳುವುದಿಲ್ಲ.

ಹುಡುಗಿ ಬೇಡ ಅಂದಳು, ಅಥವಾ ಇವನೇ ಬಿಟ್ಟ ಎಂದಾದರೆ ಬಸ್ಸಿನ ಜೋಕು ಪೂರ್ತಿ ಬಂದ್. ಒಂದು ಬೆಳಿಗ್ಗೆ ಅವನು 7.40ರದ್ದಕ್ಕೇ ಹತ್ತಿದರೆ "ಇವತ್ತೇನು ಬೇಗ?" ಎನ್ನುವುದೂ ಇಲ್ಲ. ಪಕ್ಕದ ಸೀಟಿನಲ್ಲಿಟ್ಟ ಬ್ಯಾಗು ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ.