ರಾತ್ರಿ ಉಳಿದ ಅನ್ನ-ಸಾರು: ಫ್ರಿಜ್ ಇಲ್ಲದೆ ಬೆಳಿಗ್ಗೆವರೆಗೆ ಇಡುವುದು ಹೇಗೆ?

ಮಂಡ್ಯ ಹತ್ತಿರದ ಹಳ್ಳಿಯೊಂದರ ಅಂಗನವಾಡಿಯಲ್ಲಿ ಸ್ತ್ರೀಶಕ್ತಿ ಸಂಘದ ಸಭೆ. ಉಳಿತಾಯದ ದುಡ್ಡು ಕಟ್ಟಿ, ಸಾಲದ ಲೆಕ್ಕ ಮುಗಿದ ಮೇಲೆ ಆರೋಗ್ಯ ಉಪಕೇಂದ್ರದ ನರ್ಸಮ್ಮ ಮಾತಿಗೆ ನಿಂತರು. ಎರಡೇ ಪ್ರಶ್ನೆ ಕೇಳಿದರು. "ನೆನ್ನೆ ರಾತ್ರಿ ಅನ್ನ ಎಷ್ಟು ಗಂಟೆಗೆ ಇಳಿಸಿದ್ರಿ? ಉಳಿದದ್ದನ್ನ ಎಷ್ಟು ಗಂಟೆಗೆ ಎತ್ತಿಟ್ರಿ?" ಮೊದಲನೆಯದಕ್ಕೆ ಎಲ್ಲರೂ ಉತ್ತರ ಕೊಟ್ಟರು. ಎರಡನೆಯದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಎತ್ತಿಡುವುದು ಅಂತ ಬೇರೆ ಕೆಲಸವೇ ಇರುವುದಿಲ್ಲ ಅಲ್ವಾ? ಪಾತ್ರೆಗೆ ಮುಚ್ಚಳ ಮುಚ್ಚಿದರೆ ಮುಗಿಯಿತು.

ಅವರ ಅರ್ಧ ಗಂಟೆಯ ಮಾತೆಲ್ಲ ಆ ಮುಚ್ಚಳದ ಸುತ್ತಲೇ ಇತ್ತು. ಅದನ್ನೇ ಇಲ್ಲಿ ಹಂತವಾಗಿ ಬರೆದಿದ್ದೇನೆ.

ಒಂದು ಮನೆಯ ಲೆಕ್ಕ ತೆಗೆದುಕೊಳ್ಳಿ. ಸಂಜೆ ಏಳೂವರೆಗೆ ಅನ್ನ ಇಳಿಸುತ್ತಾರೆ. ಒಂಬತ್ತಕ್ಕೆ ಊಟ. ಮೂರು ತಟ್ಟೆಯಷ್ಟು ಅನ್ನ ಉಳಿಯುತ್ತದೆ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಮಲಗುತ್ತಾರೆ. ಬೆಳಿಗ್ಗೆ ಆರೂವರೆಗೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ, ಚಿತ್ರಾನ್ನ ಮಾಡಿ ಮಕ್ಕಳ ಡಬ್ಬಿಗೆ ತುಂಬುತ್ತಾರೆ. ಹನ್ನೊಂದು ಗಂಟೆ ಕಳೆದಿದೆ. ವಾಸನೆ ಬಂದಿಲ್ಲ, ಲೋಳೆ ಆಗಿಲ್ಲ, ರುಚಿಯೂ ಚೆನ್ನಾಗಿದೆ. ಸ್ಕೂಲಿಗೆ ಹೋದ ಮಗು ಹತ್ತು ಗಂಟೆಗೆ ವಾಂತಿ ಮಾಡುತ್ತದೆ. ಬಿಸಿಲು ಹೊಡೆಯಿತೇನೋ, ಯಾರ ಕಣ್ಣು ಬಿತ್ತೋ ಅಂತ ಮಾತಾಗುತ್ತದೆ. ಅನ್ನದ ಮೇಲೆ ಅನುಮಾನ ಬರುವುದೇ ಇಲ್ಲ.

ಅಕ್ಕಿಯ ಜೊತೆಗೇ ಹೊಲದ ಮಣ್ಣಿನಿಂದ ಬರುವ ಒಂದು ಬ್ಯಾಕ್ಟೀರಿಯಾ ಇದೆ. ಅದರ ಹೆಸರು ಬ್ಯಾಸಿಲಸ್ ಸಿರಿಯಸ್. ಅಕ್ಕಿ ಎಷ್ಟೇ ತೊಳೆದರೂ, ಎಷ್ಟೇ ಬೇಯಿಸಿದರೂ ಅದರ ಬೀಜಾಣು ಸಾಯುವುದಿಲ್ಲ. ಗಟ್ಟಿ ಕವಚದೊಳಗೆ ಸುಮ್ನೆ ಮಲಗಿರುತ್ತದೆ. ಅನ್ನ ಉಗುರುಬೆಚ್ಚಗಾದಾಗ ಎಚ್ಚರಗೊಳ್ಳುತ್ತದೆ. 30 ಡಿಗ್ರಿ ಶಾಖದ ಅನ್ನದಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹೀಗೆ ಹತ್ತು ಗಂಟೆ ಬೆಳೆದರೆ ಒಂದೇ ಒಂದು ಹತ್ತು ಲಕ್ಷ ದಾಟುತ್ತದೆ. ಬೆಳೆಯುವಾಗ ಅದು ಅನ್ನದಲ್ಲೇ ಒಂದು ವಿಷ ಬಿಡುತ್ತದೆ. ವಾಂತಿ ಮಾಡಿಸುವುದು ಆ ವಿಷ. ಉಂಡು ಒಂದರಿಂದ ಐದು ಗಂಟೆಯೊಳಗೆ ಶುರುವಾಗುತ್ತದೆ.

ಇಲ್ಲಿ ಒಬ್ಬರು ತಡೆದರು. "ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡ್ತೀವಲ್ಲ ನರ್ಸಮ್ಮ?"

"ಬಿಸಿ ಮಾಡಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ ಅಕ್ಕ, ವಿಷ ಸಾಯಲ್ಲ" ಅಂದರು. ಈ ವಿಷ ಒಗ್ಗರಣೆಗೂ ಬಗ್ಗುವುದಿಲ್ಲ, ಕುಕ್ಕರಿನ ಹಬೆಗೂ ಬಗ್ಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮಾಡುವ ಯಾವ ಕೆಲಸವೂ ಆ ಅನ್ನವನ್ನು ಸರಿಮಾಡಲಾರದು. ಮಾಡುವುದೆಲ್ಲ ರಾತ್ರಿಯೇ ಆಗಬೇಕು.

ಊಟಕ್ಕೆ ಕೂರುವ ಮೊದಲೇ ತೆಗೆದಿಡಿ

ಮಿಕ್ಕಿದ್ದನ್ನು ಊಟ ಆದ ಮೇಲೆ ನೋಡೋಣ ಅಂತ ಬಿಟ್ಟರೆ ಎರಡು ಗಂಟೆ ಕಳೆದುಹೋಗುತ್ತದೆ. ಬೇಯಿಸಿದ ಅಡುಗೆ ಒಲೆಯಿಂದ ಇಳಿದ ಮೇಲೆ ಬೆಚ್ಚಗೆ ಹಾಗೇ ಕೂತಿರಬಹುದಾದ ಹೊತ್ತು ಎರಡೇ ಗಂಟೆ. ಮಾರ್ಚ್-ಏಪ್ರಿಲ್‌ನ ಸೆಕೆಯಲ್ಲಿ ಒಂದೇ ಗಂಟೆ ಅಂದುಕೊಳ್ಳಿ. ಉಳಿಯುತ್ತದೆ ಅಂತ ಗೊತ್ತಾದ ಅನ್ನವನ್ನು ಬಡಿಸುವ ಮೊದಲೇ ಒಣಗಿದ ಶುದ್ಧ ಸೌಟಿನಲ್ಲಿ ಬೇರೆ ತೆಗೆಯಿರಿ. ಎಂಜಲು ಕೈ, ಸಾರಿನ ಸೌಟು ಅದಕ್ಕೆ ತಾಕಬಾರದು.

ತೆಗೆದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ. ಆಳದ ಪಾತ್ರೆಯಲ್ಲಿ ಮೇಲೆ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಕೈ ಹಾಕಿ ನೋಡಿದರೆ ಗೊತ್ತಾಗುತ್ತದೆ. ತಟ್ಟೆಯಲ್ಲಿ ಹರಡಿದರೆ ಅರ್ಧ ಗಂಟೆಯಲ್ಲಿ ಆರುತ್ತದೆ. ಇನ್ನೂ ಬೇಗ ಆಗಬೇಕಾದರೆ ತಟ್ಟೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿ ತೇಲಿಸಿ, ಫ್ಯಾನ್ ಹಾಕಿ. ಹಬೆ ಆಡುತ್ತಿರುವಾಗ ಮುಚ್ಚಳ ಹಾಕಬೇಡಿ. ಆ ಹಬೆಯೇ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕುತ್ತದೆ. ನೊಣ, ಹಲ್ಲಿ ಬೀಳದಂತೆ ತೆಳು ಬಟ್ಟೆ ಹೊದಿಸಿದರೆ ಸಾಕು.

ನಂತರ ನೀರಿಗೆ ಹಾಕಿ

ಮೂಲೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರಿಗೆ ಇಷ್ಟು ಹೊತ್ತಿಗೆ ಸಿಟ್ಟು ಬಂದಿತ್ತು. "ನಾವು ತಂಗ್ಳು ಉಂಡೇ ಗದ್ದೆ ಗೇದೋರು ಕಣವ್ವ. ಯಾರ್ಗೇನಾಯ್ತು?"

ನರ್ಸಮ್ಮ ಅಜ್ಜಿಯ ಪರವೇ ನಿಂತರು. ನೀರಿಗೆ ಹಾಕಿದ ತಂಗಳನ್ನ ಬೇರೆ, ಮುಚ್ಚಿಟ್ಟ ಒಣ ಅನ್ನ ಬೇರೆ. ನೀರಿಗೆ ಹಾಕಿದ ಅನ್ನ ರಾತ್ರಿಯೆಲ್ಲ ಹುಳಿ ಬರುತ್ತದೆ. ಮೊಸರು ಹೆಪ್ಪುಗಟ್ಟಿಸುವ ಜಾತಿಯ ಬ್ಯಾಕ್ಟೀರಿಯಾಗಳೇ ಅಲ್ಲಿ ಹುಳಿ ಬಿಡುತ್ತವೆ. ಆ ಹುಳಿ ಚೆನ್ನಾಗಿ ಹತ್ತಿದರೆ ಬ್ಯಾಸಿಲಸ್ ಬೆಳೆಯಲಾರದು. ಆದರೆ ಹುಳಿ ಬರಲು ಹೊತ್ತು ಬೇಕು. ಅಷ್ಟರಲ್ಲಿ ಇನ್ನೊಂದು ಬೆಳೆದುಬಿಡಬಾರದು. ಅದಕ್ಕೇ ಮಜ್ಜಿಗೆ ಬೇಕು.

ಮಾಡುವ ರೀತಿ ಇದು. ಆರಿದ ಅನ್ನವನ್ನು ಮಡಕೆಗೋ ಸ್ಟೀಲ್ ಪಾತ್ರೆಗೋ ಹಾಕಿ. ಹುಳಿ ಪದಾರ್ಥಕ್ಕೆ ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆಯಂತೂ ಬೇಡವೇ ಬೇಡ. ಕಾಯಿಸಿ ಆರಿಸಿದ ನೀರನ್ನು ಅನ್ನ ಮುಳುಗಿ ಎರಡು ಬೆರಳು ಮೇಲೆ ಬರುವಷ್ಟು ಸುರಿಯಿರಿ. ಎರಡು ಸೌಟು ಹುಳಿ ಮಜ್ಜಿಗೆ ಕಲಸಿ. ಸಪ್ಪೆ ಮಜ್ಜಿಗೆ ಸಾಲದು, ನಾಲಿಗೆಗೆ ಹುಳಿ ಹತ್ತಬೇಕು. ಅನ್ನದ ಗಂಟೆಲ್ಲ ಬಿಡಿಸಿ, ಬಟ್ಟೆ ಕಟ್ಟಿ, ಗಾಳಿ ಆಡುವ ಕಡೆ ಇಡಿ. ರಾಗಿ ಮುದ್ದೆಗೂ ಇದೇ ದಾರಿ. ಮುರಿದು ಆರಿಸಿ ಮಜ್ಜಿಗೆ ನೀರಿಗೆ ಹಾಕುವುದು.

ಮಡಕೆಯನ್ನು ಒದ್ದೆ ಮರಳಿನ ಮೇಲೆ ಕೂರಿಸಿ, ಸುತ್ತ ಒದ್ದೆ ಗೋಣಿಚೀಲ ಸುತ್ತಿದರೆ ಬೇಸಿಗೆಯಲ್ಲಿ ಒಳಗೆ ತಂಪಾಗಿರುತ್ತದೆ. ನೀರು ಆವಿಯಾಗುವಾಗ ಮಡಕೆಯ ಶಾಖ ಎಳೆದುಕೊಳ್ಳುತ್ತದೆ. ಆಷಾಢದ ಜಡಿಮಳೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಗಾಳಿಯೇ ಒದ್ದೆ ಇದ್ದಾಗ ಮಡಕೆ ಆರುವುದಾದರೂ ಹೇಗೆ? ಬೇಸಿಗೆಯಲ್ಲೂ ಮಡಕೆ ಫ್ರಿಜ್ಜಿನ 5 ಡಿಗ್ರಿಗೆ ಇಳಿಯುವುದಿಲ್ಲ. ಮೊಸರು, ಮಜ್ಜಿಗೆ, ತಂಗಳಿಗೆ ಅದು ಸರಿ. ಪಲ್ಯ, ಬಾಡಿನ ಸಾರು ಇಟ್ಟು ನಂಬಿಕೊಳ್ಳಬೇಡಿ.

ಬೆಳಿಗ್ಗೆ ನೀರು ಮೊಸರಿನ ಹಾಗೆ ಹುಳಿ ವಾಸನೆ ಬರಬೇಕು. ನೂಲು ನೂಲಾಗಿ ಎಳೆದರೆ, ಗುಲಾಬಿ ಅಥವಾ ಹಳದಿ ಬಣ್ಣ ಕಂಡರೆ, ಹುಳಿಯೇ ಬಾರದಿದ್ದರೆ ಚೆಲ್ಲಿ. ರಾತ್ರಿ ಹನ್ನೊಂದರವರೆಗೆ ಬೆಚ್ಚಗೆ ಕೂತಿದ್ದ ಅನ್ನವನ್ನು ಆಮೇಲೆ ನೀರಿಗೆ ಹಾಕಿದರೂ ಪ್ರಯೋಜನವಿಲ್ಲ. ಇಷ್ಟೆಲ್ಲ ಸರಿಯಾಗಿ ಮಾಡಿದ ತಂಗಳೂ ಗಟ್ಟಿಮುಟ್ಟಾದ ದೊಡ್ಡವರಿಗೆ ಮಾತ್ರ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ಕಾಯಿಲೆಯಿಂದ ಎದ್ದವರಿಗೆ ಬಿಸಿ ಅಡುಗೆಯೇ ಆಗಬೇಕು. ಚಿತ್ರಾನ್ನ ಬೇಕು ಅಂದರೆ ಬೆಳಿಗ್ಗೆ ಒಂದು ಪಾವು ಅಕ್ಕಿ ಬೇರೆ ಇಡಿ.

ಸಾರಿನ ಲೆಕ್ಕ ಬೇರೆ

ಬಸ್ಸಾರು ಮಾರನೇ ದಿನಕ್ಕೇ ರುಚಿ ಅನ್ನುವ ಊರು ನಮ್ಮದು. ಅದನ್ನು ಬಿಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ನರ್ಸಮ್ಮನಿಗೂ ಗೊತ್ತು. ಹುಣಸೆಹುಳಿ ಹಾಕಿ ಮಾಡಿದ ಬಸ್ಸಾರು, ಉಪ್ಸಾರಿನ ಖಾರ ಸ್ವಲ್ಪ ತಡೆಯುತ್ತವೆ. ಕಾಯಿ ಜಾಸ್ತಿ ರುಬ್ಬಿ ಹಾಕಿದ್ದು, ಬೇಳೆ ಜಾಸ್ತಿ ಇದ್ದದ್ದು ಬೇಗ ಹೋಗುತ್ತದೆ.

ಮಲಗುವ ಮುಂಚೆ ಸಾರನ್ನು ತಳದಿಂದ ಕೆದಕಿ, ನಡುವಿನಲ್ಲೂ ಕೊತಕೊತ ಗುಳ್ಳೆ ಏಳುವಂತೆ ಐದು ನಿಮಿಷ ಕುದಿಸಿ. ಅಂಚಿನಲ್ಲಿ ಗುಳ್ಳೆ ಬಂದರೆ ಸಾಲದು. ಕುದಿಸಿದ ಮೇಲೆ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿ ಕೂರಿಸಿ, ಆಗಾಗ ಶುದ್ಧ ಸೌಟಿನಿಂದ ತಿರುವಿ. ನೀರು ಬಿಸಿಯಾದರೆ ಬದಲಿಸಿ. ಆರಿದ ಮೇಲೆ ಮುಚ್ಚಿ. ಮತ್ತೆ ಸೌಟು ಹಾಕಬೇಡಿ. ಬೆಳಿಗ್ಗೆ ಅದನ್ನೇ ಮತ್ತೆ ಪೂರ್ತಿ ಕುದಿಸಿ ಉಣ್ಣಿ, ಅಲ್ಲಿಗೆ ಮುಗಿಸಿ. ಮೂರನೇ ದಿನಕ್ಕೆ ಬೇಡ. ನೊರೆ ಎದ್ದಿದ್ದರೆ, ಮುಚ್ಚಳ ತೆಗೆದಾಗ ಹುಳಿ ಗಬ್ಬು ಬಂದರೆ ಕುದಿಸಲು ಹೋಗಲೇಬೇಡಿ.

ಬಾಡಿನ ಸಾರಿನ ತೊಂದರೆ ಇನ್ನೊಂದು ಬಗೆಯದು. ದೊಡ್ಡ ಪಾತ್ರೆಯಲ್ಲಿ ಮಾಡಿ ಹಾಗೇ ಬಿಟ್ಟರೆ ಗಾಳಿ ಇಲ್ಲದ ತಳದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದಕ್ಕೆ 45 ಡಿಗ್ರಿಯ ಹತ್ತಿರದ ಶಾಖ ಹಬ್ಬ. ಇದು ನಮ್ಮ ಹೊಟ್ಟೆಗೆ ಬದುಕಿ ಹೋದ ಮೇಲೆ ಅಲ್ಲಿ ವಿಷ ಬಿಡುತ್ತದೆ. ಉಂಡು ಸುಮಾರು ಎಂಟು ಗಂಟೆಯ ಮೇಲೆ ಹೊಟ್ಟೆ ಮುರಿದು ಭೇದಿ ಹತ್ತುತ್ತದೆ. ಇದನ್ನು ಪೂರ್ತಿ ಕುದಿ ಕೊಲ್ಲುತ್ತದೆ. ಅನ್ನಕ್ಕೆ ಉಪಯೋಗಕ್ಕೆ ಬಾರದ ಬಿಸಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಬ್ಬಕ್ಕೆ ಮಾಡಿದ ದೊಡ್ಡ ಪಾತ್ರೆಯ ಸಾರನ್ನು ಮೂರು ನಾಲ್ಕು ಚಿಕ್ಕ ಪಾತ್ರೆಗೆ ಹಂಚಿ ಆರಿಸಿ. ತುಂಡುಗಳ ಒಳಗೂ ಬಿಸಿ ಹತ್ತುವಂತೆ ಬೆಳಿಗ್ಗೆ ಕುದಿಸಿ, ಆಗಲೇ ಖಾಲಿ ಮಾಡಿ.

ಕಾಯಿ ಚಟ್ನಿ, ಹಾಲಿನ ಪಾಯಸ, ಮೊಟ್ಟೆ ಪಲ್ಯ ಇವನ್ನು ಇಡುವ ಮಾತೇ ಇಲ್ಲ.

ಹಾಟ್‌ಬಾಕ್ಸ್ ಇದೆಯಲ್ಲ ಅಂತ ಒಬ್ಬಳು ಹುಡುಗಿ ಕೇಳಿದಳು. ಹಾಟ್‌ಬಾಕ್ಸ್ ರಾತ್ರಿ ಎಂಟಕ್ಕೆ ಬರುವ ಗಂಡನಿಗೆ ಬಿಸಿ ಅನ್ನ ಇಡಲು ಒಳ್ಳೆಯದು. ಕುದಿನೀರು ಹಾಕಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಸುಡುವ ಅನ್ನವನ್ನೇ ತುಂಬಬೇಕು. ತೆಗೆದಾಗ ಹಬೆ ಏಳಬೇಕು, ಅನ್ನ ಮುಷ್ಟಿಯಲ್ಲಿ ಹಿಡಿಯಲಾಗದಷ್ಟು ಸುಡಬೇಕು. ಅಂದರೆ 60 ಡಿಗ್ರಿಯ ಮೇಲಿದೆ ಅಂತ ಅಂದಾಜು. ರಾತ್ರಿಯೆಲ್ಲ ಬಿಟ್ಟರೆ ಮಾತ್ರ ಅದು ಬ್ಯಾಕ್ಟೀರಿಯಾಕ್ಕೆ ಕಾವು ಕೊಡುವ ಕೋಳಿ ಆಗುತ್ತದೆ.

ಇಷ್ಟಾದರೂ ಯಾರಿಗಾದರೂ ವಾಂತಿ-ಭೇದಿ ಶುರುವಾದರೆ ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಆಶಾ ಕಾರ್ಯಕರ್ತೆಯರ ಬಳಿ ಪೊಟ್ಟಣ ಸಿಗುತ್ತದೆ. ಅರ್ಧ ಪೊಟ್ಟಣಕ್ಕೆ ಒಂದು ಲೋಟ ಅಂತ ಅಂದಾಜಿಗೆ ಕಲಸಬೇಡಿ, ಉಪ್ಪು ಹೆಚ್ಚಾಗುತ್ತದೆ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಕಣ್ಣು ಒಳಗೆ ಹೋದರೆ, ಉಚ್ಚೆ ನಿಂತರೆ, ಮಗು ಮಂಕಾಗಿ ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಎದ್ದು ಹೊರಡುವಾಗ ಮತ್ತದೇ ಅಜ್ಜಿ ಕೇಳಿದರು. "ಚೆಲ್ಲು ಅಂತೀಯಲ್ಲ ಕಣವ್ವ, ದನಕ್ಕೆ ಹಾಕ್ಬೋದಾ?" ಕಲಗಚ್ಚಿನ ಜೊತೆ ಒಂದು ಹಿಡಿ ಹೋದರೆ ಏನೂ ಆಗುವುದಿಲ್ಲ. ಆದರೆ ಹಬ್ಬದ ಮಾರನೇ ದಿನ ಬಕೆಟ್ ಬಕೆಟ್ ಅನ್ನ, ಮುದ್ದೆ ಸುರಿಯುತ್ತೇವಲ್ಲ, ಅದು ಹಸುವಿನ ಹೊಟ್ಟೆಯಲ್ಲಿ ಒಮ್ಮೆಗೇ ಹುಳಿಯಾಗುತ್ತದೆ. ಮೆಲುಕು ನಿಂತು, ಹೊಟ್ಟೆ ಕೆಟ್ಟು, ಹಸು ಸತ್ತೂ ಹೋಗಬಹುದು. ಅಷ್ಟೊಂದು ಉಳಿದರೆ ತಿಪ್ಪೆಗುಂಡಿಗೆ ಹಾಕಿ ಮಣ್ಣು ಎಳೆಯಿರಿ ಅಂದರು ನರ್ಸಮ್ಮ.