ಬಾಟಲಿಯ ಮರೆ, ಮಿಕ್ಸಿಯ ವಾಷರ್ ಮತ್ತು ಮಗುವಿನ ಮೊದಲ ತುತ್ತುಗಳು

ಮಗಳಿಗೆ ಆರು ತಿಂಗಳು ತುಂಬಿದ ವಾರದಲ್ಲೇ ನಾನು ಕೆಲಸಕ್ಕೆ ಮರಳಬೇಕಾಗಿತ್ತು. ಹಗಲಿಗೆಂದು ತೆಗೆದಿಟ್ಟ ಎದೆಹಾಲನ್ನು ಅತ್ತೆಯವರು ಬಾಟಲಿಯಲ್ಲಿ ಕುಡಿಸುತ್ತಿದ್ದರು. ಜೊತೆಗೆ ರಾಗಿ ಸರಿ ಮತ್ತು ಬೇಯಿಸಿ ರುಬ್ಬಿದ ಕ್ಯಾರೆಟ್ ಆರಂಭವಾಗಿತ್ತು. ಮೂರನೆಯ ವಾರ ಮಗುವಿಗೆ ಭೇದಿಯಾಯಿತು. ವೈದ್ಯರು ಓಆರ್‌ಎಸ್ ಮತ್ತು ಸತುವಿನ ಔಷಧಿ ಬರೆದುಕೊಟ್ಟು, ಎದೆಹಾಲು ನಿಲ್ಲಿಸಬೇಡಿ ಎಂದು ಹೇಳಿ, ಬಾಟಲಿಯನ್ನು ಹೇಗೆ ತೊಳೆಯುತ್ತೀರಿ ಎಂದು ಕೇಳಿದರು. ದಿನವೂ ಹತ್ತು ನಿಮಿಷ ಕುದಿಸುತ್ತೇನೆ ಎಂದು ನಾನು ಧೈರ್ಯವಾಗಿಯೇ ಉತ್ತರಿಸಿದೆ.

ಮನೆಗೆ ಬಂದು ಬಾಟಲಿಯನ್ನು ಬಿಚ್ಚಿ ನೋಡಿದಾಗ ನಿಪ್ಪಲ್ ಕೂರುವ ಉಂಗುರದ ಒಳಸುತ್ತಿನಲ್ಲಿ ತೆಳುವಾದ ಬಿಳಿ ಪದರವಿತ್ತು. ನಮ್ಮದು ಗಡಸು ಕೊಳವೆಬಾವಿ ನೀರಾದ್ದರಿಂದ ಅದು ಸುಣ್ಣದ ಕರೆಯೇ ಇರಬೇಕೆಂದುಕೊಂಡೆ. ಆದರೆ ಸುಣ್ಣದ ಕರೆ ಬೆರಳಿಗೆ ಒರಟಾಗಿ ಸಿಗುತ್ತದೆ, ಇದು ಜಾರುತ್ತಿತ್ತು ಮತ್ತು ಹುಳಿ ವಾಸನೆ ಬರುತ್ತಿತ್ತು. ನಾನು ನಿಪ್ಪಲನ್ನು ಉಂಗುರದಿಂದ ಬಿಡಿಸದೆ ಕುದಿಸುತ್ತಿದ್ದೆ. ಕುದಿಯುವ ನೀರು ಹಾಲಿನ ಜಿಡ್ಡನ್ನು ತೆಗೆಯುವುದಿಲ್ಲ. ಅದನ್ನು ಅಲ್ಲಿಯೇ ಗಟ್ಟಿಯಾಗಿ ಅಂಟಿಸುತ್ತದೆ, ಮತ್ತು ಅದರ ಅಡಿಯಲ್ಲಿ ಸೂಕ್ಷ್ಮಜೀವಿಗಳಿಗೆ ಆಸರೆ ಸಿಗುತ್ತದೆ. ಭೇದಿಗೆ ಇದೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಆದರೆ ಅಂದಿನಿಂದ ಕ್ರಮ ಬದಲಾಯಿತು. ಹಾಲು ಕುಡಿದು ಮುಗಿದ ತಕ್ಷಣ ಎಲ್ಲ ಭಾಗಗಳನ್ನು ಬಿಡಿಸಿ ತಣ್ಣೀರಿನಲ್ಲಿ ಜಾಲಿಸುವುದು, ಬಾಟಲಿಗೆಂದೇ ಇಟ್ಟ ಬ್ರಷ್ಷಿನಿಂದ ಬಿಸಿ ಸೋಪುನೀರಿನಲ್ಲಿ ತಿಕ್ಕುವುದು, ನಿಪ್ಪಲ್ಲಿನ ತೂತಿನ ಮೂಲಕ ನೀರು ಹಿಂಡಿ ಹೊರಡಿಸುವುದು, ಆಮೇಲೆ ಒಳಗೆ ಗಾಳಿಗುಳ್ಳೆ ಉಳಿಯದಂತೆ ಮುಳುಗಿಸಿ, ನೀರು ಕುದಿಯಲಾರಂಭಿಸಿದ ಮೇಲೆ 5 ನಿಮಿಷ ಬಿಡುವುದು. ಒರೆಸುವ ಬಟ್ಟೆಯನ್ನು ಸಂಪೂರ್ಣ ಕೈಬಿಟ್ಟೆ. ಅಡುಗೆಮನೆಯ ಒರೆಬಟ್ಟೆಯಿಂದ ಒರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ಸ್ವಚ್ಛವಾದ ಜಾಲರಿಯ ಮೇಲೆ ಅವು ತಾವಾಗಿಯೇ ಒಣಗುತ್ತವೆ.

ಅದೇ ಅನುಮಾನದಿಂದ ಮಿಕ್ಸಿಯ ಚಿಕ್ಕ ಜಾರನ್ನೂ ನೋಡಿದೆ. ಮುಚ್ಚಳದ ರಬ್ಬರ್ ವಾಷರನ್ನು ಎಬ್ಬಿಸಿದರೆ ಹಿಂದಿನ ವಾರದ ಚಟ್ನಿಯ ಕೊತ್ತಂಬರಿ ಚೂರು ಅಲ್ಲಿಯೇ ಇತ್ತು. ಮಗುವಿನ ಕ್ಯಾರೆಟನ್ನು ಬೇಯಿಸಿದ ಮೇಲೆಯೇ ರುಬ್ಬುತ್ತಿದ್ದೆವು, ರುಬ್ಬಿದ ಮೇಲೆ ಮತ್ತೆ ಬೇಯಿಸುತ್ತಿರಲಿಲ್ಲ. ಹಾಗಾಗಿ ಜಾರಿನಲ್ಲಿದ್ದದ್ದು ನೇರವಾಗಿ ಬಟ್ಟಲಿಗೆ ಬರುತ್ತಿತ್ತು. ಈಗ ವಾಷರನ್ನು ಪ್ರತಿಸಲ ತೆಗೆದು ತೊಳೆಯುತ್ತೇನೆ, ಬ್ಲೇಡಿನ ಅಡಿಗೆ ಸಿಕ್ಕಿಕೊಂಡದ್ದು ಬಿಡಲೆಂದು ಸೋಪುನೀರು ಹಾಕಿ ಒಂದು ಸುತ್ತು ತಿರುಗಿಸುತ್ತೇನೆ, ಮತ್ತು ರುಬ್ಬಿದ ಪ್ಯೂರಿಯನ್ನು ಪುನಃ ಪಾತ್ರೆಗೆ ಸುರಿದು ಒಂದು ಕುದಿ ಬರಿಸುತ್ತೇನೆ.

ಭಾನುವಾರದ ಕೆಲಸ ಹೀಗೆ ನಡೆಯುತ್ತದೆ. ಕಾಲು ಕಿಲೋ ಕ್ಯಾರೆಟ್ಟಿನ ಪ್ಯೂರಿಯನ್ನು ಒಂದೇ ಡಬ್ಬಿಯಲ್ಲಿ ಬಿಸಿಯಾಗಿಯೇ ಮುಚ್ಚಿಟ್ಟರೆ ಮೇಲೆ ತಣ್ಣಗಾದರೂ ನಡುವಿನಲ್ಲಿ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ಸೂಕ್ಷ್ಮಜೀವಿಗಳು ಬೆಳೆಯುವುದು ಆ ಬೆಚ್ಚನೆಯ ಹೊತ್ತಿನಲ್ಲಿಯೇ. ಆದ್ದರಿಂದ ಪಾತ್ರೆಯನ್ನು ಅಗಲವಾದ ತಟ್ಟೆಯ ತಣ್ಣೀರಿನಲ್ಲಿಟ್ಟು ಕಲಕಿ, ಎರಡೆರಡು ಚಮಚದಂತೆ ಐಸ್ ಟ್ರೇಗೆ ತುಂಬಿ, ಒಂದು ಗಂಟೆಯೊಳಗೆ ಫ್ರೀಜರಿಗೆ ಸೇರಿಸುತ್ತೇನೆ. ಪ್ಯೂರಿ -18 ಡಿಗ್ರಿಯಲ್ಲಿ ಒಂದೆರಡು ತಿಂಗಳು ಉಳಿಯುತ್ತದೆ, ನಿಜ. ಆದರೆ ನಮ್ಮದು ಒಂದೇ ಬಾಗಿಲಿನ ಹಳೆಯ ಫ್ರಿಜ್, ಅದರ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುತ್ತದೆಂಬ ನಂಬಿಕೆ ನನಗಿಲ್ಲವಾದ್ದರಿಂದ ಒಂದು ವಾರಕ್ಕಿಂತ ಹೆಚ್ಚು ಇಡುವುದಿಲ್ಲ. ಕರೆಂಟಿನ ವಿಷಯಕ್ಕೆ ಒಂದು ಉಪಾಯವಿದೆ: ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟಿದ್ದೇನೆ. ನಾಣ್ಯ ಒಳಗಿಳಿದಿದ್ದರೆ ನಾವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆಗ ಟ್ರೇ ಪೂರ್ತಿ ಚೆಲ್ಲುತ್ತೇನೆ. ಬೇಕಾದ ತುಂಡನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗದಲ್ಲಿ ಕರಗಲು ಬಿಟ್ಟು, ಬೆಳಿಗ್ಗೆ ಗುಳ್ಳೆ ಬರುವವರೆಗೆ ಒಮ್ಮೆ ಮಾತ್ರ ಕಾಯಿಸಿ, ಆರಿಸಿ ತಿನ್ನಿಸುತ್ತೇವೆ.

ರಾಗಿ ಸರಿಯನ್ನು ಮಾತ್ರ ಶೇಖರಿಸುವುದಿಲ್ಲ, ಹತ್ತು ನಿಮಿಷದ ಕೆಲಸ ಅದು. ಅಲ್ಲಿ ತಪ್ಪಾಗುತ್ತಿದ್ದುದು ಬೇರೆ ಕಡೆ: ಆರಿದ ಮೇಲೆ ಸರಿ ಗಟ್ಟಿಯಾಗುತ್ತದೆಂದು ಅತ್ತೆಯವರು ಬಿಂದಿಗೆಯ ಕುದಿಸದ ನೀರು ಬೆರೆಸುತ್ತಿದ್ದರು. ಈಗ ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ತುಂಬಿಟ್ಟು ಹೋಗುತ್ತೇನೆ. ಉಳಿದದ್ದನ್ನು ಚೆಲ್ಲಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಒಂದು ದಿನ ಮಗು ತಿಂದು ಬಿಟ್ಟ ಬಟ್ಟಲನ್ನು ಅರ್ಧ ಗಂಟೆ ಹಾಗೆಯೇ ಇಟ್ಟು ತೋರಿಸಿದೆ. ಗಟ್ಟಿಯಾಗಿದ್ದ ಸರಿ ನೀರುನೀರಾಗಿತ್ತು. ಚಮಚದ ಮೂಲಕ ಸೇರಿದ ಜೊಲ್ಲು ಹಿಟ್ಟಿನ ಪಿಷ್ಟವನ್ನು ಕರಗಿಸಿತ್ತು, ಅದೇ ದಾರಿಯಲ್ಲಿ ಬಾಯಿಯ ಸೂಕ್ಷ್ಮಜೀವಿಗಳೂ ಬಂದಿರುತ್ತವೆ. “ಹಾಗಾದರೆ ಸ್ವಲ್ಪ ಸ್ವಲ್ಪವೇ ಬಡಿಸಿಕೊಳ್ಳೋಣ ಬಿಡಮ್ಮ,” ಎಂದರು ಅವರು.

ಬಾಟಲಿಗೂ ಅವರೇ ಪರಿಹಾರ ಹುಡುಕಿದರು. ಅಟ್ಟದಿಂದ ತಮ್ಮ ಮಕ್ಕಳ ಕಾಲದ ಬೆಳ್ಳಿಯ ಒಳಲೆಯನ್ನು ಇಳಿಸಿದರು. ಬೆರಳು ಹೋಗದ ಮೂಲೆಯೇ ಅದರಲ್ಲಿಲ್ಲ, ತೊಳೆದದ್ದು ಕಣ್ಣಿಗೆ ಕಾಣುತ್ತದೆ. ಎಂಟನೆಯ ತಿಂಗಳಿನಿಂದ ಹಗಲಿನ ಹಾಲು ಅದರಲ್ಲಿಯೇ.